ಒಂದೇ ಓಣಿಗೆ ಎರಡು ಪತ್ರ: ಬಿಜೈಯ ಒಂದು ಪೈಲಿಂಗ್ ಪ್ರಕರಣ

ಮಂಗಳೂರಿನ ಬಿಜೈ ಕಡೆಯ ಒಂದು ಓಣಿ. 38 ಸೆಂಟ್ಸ್ ಜಾಗ, ಅದರಲ್ಲಿ ಎಂಟು ಮಾಳಿಗೆಯ ಫ್ಲ್ಯಾಟ್ ಬರುವುದಿತ್ತು. ಬಿಲ್ಡರ್ ಯಾರು, ಓಣಿ ಯಾವುದು ಎಂಬುದು ಇಲ್ಲಿ ಬೇಡ. ಜನವರಿಯಲ್ಲಿ ಪೈಲಿಂಗ್, ಅಂದರೆ ಅಡಿಪಾಯಕ್ಕೆ ನೆಲದಾಳದಲ್ಲಿ ಕಾಂಕ್ರೀಟ್ ಕಂಬ ಕೂರಿಸುವ ಕೆಲಸ, ಶುರುವಾಯಿತು. ನಾಲ್ಕನೇ ದಿನ ಓಣಿಯವರು ಗೇಟಿನ ಎದುರು ನಿಂತು ಕೆಲಸ ನಿಲ್ಲಿಸಿದರು. ಅವರಿಗೆ ಮೊದಲೇ ಪತ್ರ ಹೋಗಿತ್ತು. ಆ ಪತ್ರ ಹೀಗಿತ್ತು:

“ಮಾನ್ಯರೇ, ನಮ್ಮ ನಿವೇಶನದಲ್ಲಿ ಪೈಲಿಂಗ್ ಕಾಮಗಾರಿ ಕೈಗೊಳ್ಳಲಾಗುತ್ತಿದ್ದು, ಇದರಿಂದ ಉಂಟಾಗಬಹುದಾದ ಅನಾನುಕೂಲತೆಗೆ ವಿಷಾದಿಸುತ್ತೇವೆ. ಕಾಮಗಾರಿಯು ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ನಿಯಮಾನುಸಾರ ನಡೆಯಲಿದೆ. ತಮ್ಮ ಕಟ್ಟಡಗಳಿಗೆ ಯಾವುದೇ ಹಾನಿ ಆಗುವುದಿಲ್ಲ. ದೂರುಗಳಿದ್ದಲ್ಲಿ ನಮ್ಮ ಕಚೇರಿಯನ್ನು ಸಂಪರ್ಕಿಸಬಹುದು. ಸಹಕರಿಸಬೇಕಾಗಿ ವಿನಂತಿ.”

ನೋಡಲಿಕ್ಕೆ ಸರಿಯಾಗಿಯೇ ಇದೆ, ಅಲ್ವಾ? ಆದರೆ ಮೂರೇ ದಿನದಲ್ಲಿ ಇದರ ಒಂದೊಂದೇ ಸಾಲು ಸುಳ್ಳಾಗುತ್ತಾ ಹೋಯಿತು. ಎರಡನೇ ದಿನ ರಾತ್ರಿ ಒಂಬತ್ತಾದರೂ ಕಾಂಕ್ರೀಟ್ ಲಾರಿ ಗುಡುಗುಟ್ಟುತ್ತಿತ್ತು. ಮೂರನೇ ದಿನ ಪಕ್ಕದ ಹಂಚಿನ ಮನೆಯ ಗಾಜಿನ ಕಪಾಟು ಗಡಗಡ ನಡುಗಿತು. ಆ ಮನೆಯ ನಿವೃತ್ತ ಟೀಚರ್ ಕಚೇರಿಗೆ ಫೋನ್ ಮಾಡಿದರೆ ಅಲ್ಲಿದ್ದ ಹುಡುಗಿ, “ಸೈಟಿನವರಿಗೆ ಹೇಳ್ತೇವೆ ಟೀಚರ್” ಎಂದಳು. ಸೈಟಿನವರಿಗೆ ಯಾರೂ ಹೇಳಲಿಲ್ಲ. ಸಂಜೆ ಐದೂವರೆ ಮೇಲೆ ಆ ಫೋನ್ ಎತ್ತುವವರೇ ಇಲ್ಲ.

ಎರಡನೇ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಪೈಲಿಂಗ್ ಸೈಟುಗಳಲ್ಲೇ ಕೆಲಸ ಮಾಡಿದ ಇಂಜಿನಿಯರ್ ನಾನು. ಪತ್ರ ಬರೆಯುವ ಮೊದಲು ಸೈಟಿನ ಕೆಲಸದ ಕ್ರಮವನ್ನೇ ಸ್ವಲ್ಪ ಬದಲಿಸಬೇಕು ಎಂದು ಬಿಲ್ಡರಿಗೆ ಹೇಳಿದೆ. ಸೈಟು ಉಳಿಸಿಕೊಳ್ಳಲಾಗದ ಮಾತನ್ನು ಪತ್ರದಲ್ಲಿ ಬರೆದರೆ ಅದನ್ನೇ ಹಿಡಿದುಕೊಂಡು ಜನ ಗೇಟಿಗೆ ಬರುತ್ತಾರೆ.

ಈ ಜಾಗಕ್ಕೆ ಪೈಲ್ ಯಾಕೆ ಬೇಕಿತ್ತು ಎಂಬುದನ್ನು ಮೊದಲು ಹೇಳುತ್ತೇನೆ. ಮಂಗಳೂರಿನಲ್ಲಿ ಗುಡ್ಡದ ಮೇಲಾದರೆ ಗಟ್ಟಿ ಮುರಕಲ್ಲು ಕೈಗೆಟಕುವ ಆಳದಲ್ಲೇ ಸಿಗುತ್ತದೆ. ಈ ಜಾಗ ಎರಡು ಗುಡ್ಡಗಳ ನಡುವಿನ ಬೈಲು, ಹಿಂದೆ ಗದ್ದೆ. ಮೇಲಿನ ಮೂರು ಮೀಟರ್ ಎಲ್ಲಿಂದಲೋ ತಂದು ತುಂಬಿಸಿದ ಕೆಂಪು ಮಣ್ಣು. ಅದರ ಕೆಳಗೆ ಗದ್ದೆಯ ಮೆತ್ತನೆಯ ಕೆಸರು. ಆಮೇಲೆ ನಮ್ಮೂರಿನ ಶೇಡಿ ಮಣ್ಣು: ಒಣಗಿದ್ದಾಗ ಗಟ್ಟಿ, ನೀರು ತಾಗಿದರೆ ಕುಸಿಯುವ ಬಿಳಿ-ಗುಲಾಬಿ ಮಣ್ಣು. ಸುಮಾರು 16 ಮೀಟರ್ ಕೆಳಗೆ ಬಂಡೆ. ಹಾಗಾಗಿ 600 ಮಿ.ಮೀ. ವ್ಯಾಸದ, 18 ಮೀಟರ್ ಆಳದ ಪೈಲುಗಳು. ರಿಗ್‌ನಿಂದ ಗುಂಡಿ ಕೊರೆದು, ಕಬ್ಬಿಣದ ಪಂಜರ ಇಳಿಸಿ, ಅಲ್ಲೇ ಕಾಂಕ್ರೀಟ್ ತುಂಬುವ ವಿಧಾನ.

“ಕೊರೆಯುವ ಪೈಲ್, ಬಡಿಯುವುದಲ್ಲ. ಹಾಗಾದರೆ ಇಷ್ಟು ಅದುರುವುದು ಯಾಕೆ?” ಎಂದು ಓಣಿಯವರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಮೊದಲ ಪತ್ರ “ಪೈಲಿಂಗ್” ಎಂದು ಒಂದೇ ಮಾತಿನಲ್ಲಿ ಮುಗಿಸಿತ್ತು. ಪಕ್ಕದ ಮನೆಯಲ್ಲಿ ಕೂತವರಿಗೆ ಅದು ಒಂದು ಕೆಲಸವಲ್ಲ, ಬೇರೆ ಬೇರೆ ರೀತಿಯ ಉಪದ್ರ.

ಮೊದಲನೆಯದು ಕೇಸಿಂಗ್. ತುಂಬಿಸಿದ ಮಣ್ಣು, ಕೆಸರು ಗುಂಡಿಗೆ ಕುಸಿಯದಂತೆ ಮೇಲಿನ ಆರು ಮೀಟರಿಗೆ ಕಬ್ಬಿಣದ ಕೊಳವೆ ಇಳಿಸುತ್ತಾರೆ. ಇದನ್ನು ಇಳಿಸುವುದು ವೈಬ್ರೋ ಹ್ಯಾಮರ್, ಕೊಳವೆಯನ್ನು ನಡುಗಿಸುತ್ತಾ ನೆಲಕ್ಕೆ ಇಳಿಸುವ ಯಂತ್ರ. ಹತ್ತು ನಿಮಿಷದ ಕೆಲಸ, ಆದರೆ ಇಡೀ ದಿನದಲ್ಲಿ ನೆಲ ಅತಿ ಜಾಸ್ತಿ ಅದುರುವುದು ಆಗಲೇ. ಅದರಲ್ಲೂ ಹ್ಯಾಮರ್ ಚಾಲೂ ಮಾಡುವಾಗ ಮತ್ತು ನಿಲ್ಲಿಸುವಾಗ. ಪೂರ್ತಿ ವೇಗದಲ್ಲಿ ತಿರುಗುವಾಗ ಅಷ್ಟು ತೊಂದರೆ ಇಲ್ಲ. ವೇಗ ಏರುವಾಗ, ಇಳಿಯುವಾಗ ನೆಲ ತಾನಾಗಿ ತೂಗುವ ವೇಗವನ್ನು ದಾಟಿ ಹೋಗಬೇಕಲ್ಲ, ಆ ಕೆಲವು ಸೆಕೆಂಡು ಕಪಾಟಿನ ಲೋಟಗಳು ಮಾತಾಡುತ್ತವೆ. ಆಪರೇಟರ್ ಅರ್ಧ ವೇಗದಲ್ಲಿ ಸುಮ್ನೆ ಓಡಿಸುತ್ತಾ ನಿಂತರೆ ಇದು ಇನ್ನೂ ಕೆಟ್ಟದಾಗುತ್ತದೆ. ಈ ಸೈಟಿನಲ್ಲಿ ಆಗುತ್ತಿದ್ದದ್ದು ಅದೇ.

ಎರಡನೆಯದು ಕೊರೆತ. ಇದರಲ್ಲಿ ಅದುರು ಕಡಿಮೆ, ಸದ್ದು ಹೆಚ್ಚು. ಇಂಜಿನ್ನಿನ ಒಂದೇ ಸಮದ ಗುರ್ ಎನ್ನುವ ಶಬ್ದಕ್ಕೆ ಒಂದು ವಾರದಲ್ಲಿ ಕಿವಿ ಒಗ್ಗುತ್ತದೆ. ಒಗ್ಗದ್ದು ಕೊರೆದ ಮಣ್ಣನ್ನು ಮೇಲೆ ತರುವ ಬಕೆಟ್ ಕೊಡಹುವ ಸದ್ದು. ಶೇಡಿ ಅಂಟು ಮಣ್ಣು. ಬಕೆಟಿನ ಬಾಗಿಲು ತೆರೆದರೂ ಬೀಳುವುದಿಲ್ಲ. ಆಗ ಆಪರೇಟರ್ ಬಕೆಟನ್ನು ಹಿಂದೆ ಮುಂದೆ ತಿರುಗಿಸಿ ಝಾಡಿಸುತ್ತಾನೆ. ಕಬ್ಬಿಣಕ್ಕೆ ಕಬ್ಬಿಣ ಬಡಿದು ಟಣ್ ಟಣ್ ಎಂದು ಮೂರನೇ ಓಣಿಗೂ ಕೇಳುತ್ತದೆ. ಇಂಜಿನಿಯರುಗಳು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಓಣಿಯವರು ಮಾತ್ರ ಎಲ್ಲರೂ ಮೊದಲು ಹೇಳಿದ್ದು ಇದನ್ನೇ. ಮಣ್ಣನ್ನು ಉದ್ದ ಹಿಡಿಯ ಹಾರೆಯಿಂದ ಕೆರೆದು ಬೀಳಿಸಲು ಒಬ್ಬ ಹೆಲ್ಪರನ್ನು ಇಟ್ಟೆವು. ಬಕೆಟ್ ಪೂರ್ತಿ ನಿಂತ ಮೇಲೆಯೇ ಅವನು ಹತ್ತಿರ ಹೋಗಬೇಕು ಎಂದು ಕಟ್ಟುನಿಟ್ಟು. ಕೊಡಹುವುದು ಮುಕ್ಕಾಲು ಪಾಲು ನಿಂತಿತು. ಪ್ರತಿ ಪೈಲಿಗೆ ಸ್ವಲ್ಪ ಹೊತ್ತು ಹೆಚ್ಚು ಹಿಡಿಯಿತು, ಅಷ್ಟೇ.

ಮೂರನೆಯದು ತಳದ ಬಂಡೆ. ಕೆಲವು ಪೈಲುಗಳಲ್ಲಿ ಕಲ್ಲು ಗಟ್ಟಿ ಸಿಕ್ಕಿದಾಗ ಭಾರದ ಚೀಸೆಲ್ ಎತ್ತಿ ಹಾಕಿ ಒಡೆಯಬೇಕಾಗುತ್ತದೆ. ಧಡ್ ಎಂದು ಒಂದೊಂದೇ ಪೆಟ್ಟು.

ಇನ್ನು ಮನೆಗೆ ಹಾನಿ ಆಗುತ್ತದಾ ಎಂಬ ಪ್ರಶ್ನೆ. ನೆಲದ ಅದುರನ್ನು ಅಳೆಯುವುದು ಮಣ್ಣಿನ ಕಣ ಎಷ್ಟು ವೇಗವಾಗಿ ಅಲುಗುತ್ತದೆ ಎಂಬುದರಿಂದ, ಸೆಕೆಂಡಿಗೆ ಇಷ್ಟು ಮಿ.ಮೀ. ಎಂದು. ಮನೆಯೊಳಗೆ ಕೂತ ಮನುಷ್ಯನಿಗೆ 0.3 ಆದಾಗಲೇ ಗೊತ್ತಾಗಲು ಶುರು. ಸಾಮಾನ್ಯ ಮನೆಯ ಗಾರೆಯಲ್ಲಿ ಕೂದಲೆಳೆ ಬಿರುಕು ಬರಬೇಕಾದರೆ ಬ್ರಿಟಿಷ್ ಮಾನದಂಡದ ಪ್ರಕಾರ 15ರ ಆಸುಪಾಸು ಬೇಕು. ಜರ್ಮನಿಯವರು ಹೆಚ್ಚು ಜಾಗ್ರತೆಯವರು: ನಿಧಾನಗತಿಯ ಅದುರಿಗೆ ಸಾಮಾನ್ಯ ಮನೆಗೆ 5, ಹಳೆಯ ಸೂಕ್ಷ್ಮ ಕಟ್ಟಡಕ್ಕೆ 3 ಎಂದು ಹೇಳುತ್ತಾರೆ. ಯಾವ ಲೆಕ್ಕ ಹಿಡಿದರೂ ಹಾನಿಯ ಮಟ್ಟಕ್ಕಿಂತ ಎಷ್ಟೋ ಮೊದಲೇ ಮನುಷ್ಯನಿಗೆ ಹೆದರಿಕೆ ಶುರುವಾಗುತ್ತದೆ. ನಿರ್ಮಾಣದ ಅದುರಿನ ಬಗೆಗಿನ ಬ್ರಿಟಿಷ್ ಮಾನದಂಡದಲ್ಲಿ (BS 5228-2) ಒಂದು ಮಾತು ಉಂಟು: 1 ಮಿ.ಮೀ. ಮಟ್ಟದಲ್ಲಿ ಮನೆಗಳಿಂದ ದೂರು ಬರುವ ಸಾಧ್ಯತೆ ಇದೆ, ಆದರೆ ಮೊದಲೇ ಹೇಳಿ ವಿವರಿಸಿದ್ದರೆ ಜನ ಸಹಿಸಿಕೊಳ್ಳುತ್ತಾರೆ. ನೆರೆಮನೆಯ ಪತ್ರಕ್ಕೆ ಇಂಜಿನಿಯರಿಂಗ್ ಪುಸ್ತಕದಲ್ಲೇ ಜಾಗ ಸಿಕ್ಕಿದೆ ಎಂದಾಯಿತು.

ಟೀಚರ್ ಮನೆ ಹತ್ತಿರದ ಪೈಲಿನಿಂದ 11 ಮೀಟರ್. ಮುರಕಲ್ಲಿನ ಗೋಡೆ, ಮಂಗಳೂರು ಹಂಚು, ಅಂಗಳದಲ್ಲಿ ಬಾವಿ. ಬಾಡಿಗೆಗೆ ಮೀಟರ್ ತರಿಸಿ ಅವರ ಪಂಚಾಂಗದ ಕಲ್ಲಿಗೆ ಕೂರಿಸಿದೆವು. ಕೊರೆಯುವಾಗ 0.3. ಚೀಸೆಲ್ ಪೆಟ್ಟಿಗೆ 1.4. ಕೇಸಿಂಗ್ ಇಳಿಸುವಾಗ 2.1, ಅದೂ ಚಾಲೂ ಮಾಡುವ ಗಳಿಗೆಯಲ್ಲಿ. ಆಪರೇಟರಿಗೆ ವೇಗವನ್ನು ಬೇಗ ಏರಿಸಲು ಹೇಳಿದ ಮೇಲೆ 1.6ಕ್ಕೆ ಇಳಿಯಿತು. ಟೀಚರ್ ಮೀಟರಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತೇ ನೋಡಿದರು.

ಅಂಕಿ ಇಷ್ಟು ಸಣ್ಣದಾದರೂ “ಹಾನಿ ಆಗುವುದಿಲ್ಲ” ಎಂದು ಬರೆಯುವುದನ್ನು ನಾನು ಒಪ್ಪಲಿಲ್ಲ. ಅರುವತ್ತು ವರ್ಷದ ಹಂಚಿನ ಮನೆಯಲ್ಲಿ ಯಾವ ಪಕ್ಕಾಸು ಹುಳ ತಿಂದಿದೆ, ಯಾವ ಹಂಚು ಜಾರಲು ಕಾಯುತ್ತಿದೆ ಎಂದು ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಅಂಥ ಭರವಸೆ ಕೊಟ್ಟ ಮೇಲೆ ಒಂದು ಹಂಚು ಬಿದ್ದರೂ ಪತ್ರದ ಉಳಿದ ಸಾಲುಗಳನ್ನು ಯಾರೂ ನಂಬುವುದಿಲ್ಲ. ಅದರ ಬದಲು ಎಷ್ಟಾದರೆ ನಾವು ಮೆಷಿನ್ ನಿಲ್ಲಿಸುತ್ತೇವೆ ಎಂದು ಬರೆಯಬಹುದು. 3 ಎಂದು ಇಟ್ಟೆವು. ಹತ್ತಿರದ ಆರು ಮನೆಗಳಲ್ಲಿ ಈಗಿರುವ ಬಿರುಕುಗಳ ಫೋಟೋ ತೆಗೆದು, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು, ತಾರೀಕು ಹಾಕಿ, ಮನೆಯವರೂ ನಾವೂ ಸಹಿ ಮಾಡುವುದು ಎಂದಾಯಿತು. ನಿಜಕ್ಕೂ ಇದು ಪೈಲಿಂಗ್ ಶುರುವಾಗುವ ಮೊದಲೇ ಆಗಬೇಕಾದ ಕೆಲಸ. ನಾಲ್ಕು ದಿನ ತಡವಾಗಿದೆ ಎಂಬುದನ್ನೂ ಪತ್ರದಲ್ಲೇ ಬರೆದೆವು.

ಅತಿ ಹೆಚ್ಚು ತಲೆ ತಿಂದದ್ದು ಸಮಯದ ವಿಷಯ. ಕಾನೂನು ಹೇಳುವುದು ಸ್ವಲ್ಪವೇ. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ಹಗಲು ಎಂದರೆ ಬೆಳಿಗ್ಗೆ 6ರಿಂದ ರಾತ್ರಿ 10. ರಾತ್ರಿ ಹೊತ್ತು ವಸತಿ ಪ್ರದೇಶದಲ್ಲಿ ಸದ್ದು ಮಾಡುವ ನಿರ್ಮಾಣ ಯಂತ್ರ ಓಡಿಸುವಂತಿಲ್ಲ ಎಂದು 2010ರ ತಿದ್ದುಪಡಿ ಸೇರಿಸಿತು. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬೆಲ್. ಪೈಲಿಂಗ್ ರಿಗ್ ಹತ್ತು ಮೀಟರ್ ದೂರದಲ್ಲಿ 80ರ ಆಸುಪಾಸು. ದೂರ ಎರಡು ಪಟ್ಟಾದರೆ 6 ಡೆಸಿಬೆಲ್ ಇಳಿಯುತ್ತದೆ, ಅಂದರೆ 40 ಮೀಟರ್ ಆಚೆಗೂ 68. ತಗಡಿನ ಬೇಲಿ ನೆಲಮಹಡಿಯವರಿಗೆ ಸ್ವಲ್ಪ ತಡೆಯುತ್ತದೆ; ಮೂರನೇ ಮಾಳಿಗೆಯ ಬಾಲ್ಕನಿಯಿಂದ ರಿಗ್ ನೇರ ಕಾಣುವವರಿಗೆ ಏನೂ ಇಲ್ಲ. ಹಾಗಿರುವಾಗ “ನಿಯಮಾನುಸಾರ” ಎಂಬ ಪದವನ್ನು ಬಿಲ್ಡರ್ ಯಾವ ಧೈರ್ಯದಿಂದ ಬರೆಸಿದರೋ! ಅದನ್ನು ತೆಗೆದು ಹಾಕಿದೆವು.

ಆದರೆ ಎರಡನೇ ದಿನ ರಾತ್ರಿ ಒಂಬತ್ತಾದದ್ದಕ್ಕೆ ಕಾರಣ ಬೇರೆ. ಗುಂಡಿಗೆ ಕಾಂಕ್ರೀಟ್ ಹಾಕುವುದು ತಳದವರೆಗೆ ಇಳಿಯುವ ಟ್ರೆಮಿ ಪೈಪಿನಲ್ಲಿ. ಪೈಪಿನ ತುದಿ ಯಾವಾಗಲೂ ಹಸಿ ಕಾಂಕ್ರೀಟಿನೊಳಗೆ ಮುಳುಗಿರಬೇಕು. ನಡುವೆ ನಿಲ್ಲಿಸಿದರೆ ಕಾಂಕ್ರೀಟ್ ಬಿಗಿಯುತ್ತದೆ, ಮತ್ತೆ ಹಾಕಿದ್ದು ಕೆಳಗಿನದ್ದಕ್ಕೆ ಕೂಡುವುದಿಲ್ಲ, ಆ ಪೈಲ್ ಹಾಳು. ಹಾಗಾಗಿ ಶುರು ಮಾಡಿದ ಮೇಲೆ ಆರು ಗಂಟೆ ಆಯಿತೆಂದು ನಿಲ್ಲಿಸಲು ಆಗುವುದಿಲ್ಲ. ನಮ್ಮ ಒಂದು ಪೈಲಿಗೆ ಲೆಕ್ಕದಲ್ಲಿ 5.1 ಘನ ಮೀಟರ್, ಗುಂಡಿ ಅಗಲವಾದರೆ ಇನ್ನೂ ಅರ್ಧ ಘನ ಮೀಟರ್. ಒಂದು ಲಾರಿ ಸಾಕು. ಆದರೆ ಆ ಲಾರಿ ಬರುವುದು ಬೈಕಂಪಾಡಿಯಿಂದ, ಕೂಳೂರು ಸೇತುವೆ ದಾಟಿ. ಸಂಜೆ ಹೊತ್ತು ಆ ದಾರಿಯಲ್ಲಿ ಹೋದವರಿಗೆ ಉಳಿದದ್ದನ್ನು ಹೇಳಬೇಕಾಗಿಲ್ಲ.

ಆದ್ದರಿಂದ ಒಂದೇ ಸಮಯ ಬರೆಯುವುದನ್ನು ಬಿಟ್ಟೆವು. ಕೊರೆತಕ್ಕೆ ಒಂದು ಸಮಯ, ಅದುರುವ ಕೆಲಸಕ್ಕೆ ಒಂದು ಸಮಯ, ಕಾಂಕ್ರೀಟಿಗೆ ಒಂದು. ಮಧ್ಯಾಹ್ನ ಮೂರರ ಒಳಗೆ ಗುಂಡಿ ತಯಾರಿದ್ದರೆ ಮಾತ್ರ ಲಾರಿಗೆ ಫೋನ್. ಇಲ್ಲದಿದ್ದರೆ ಕೊನೆಯ ಒಂದು ಮೀಟರ್ ಕೊರೆಯದೆ ಬಿಟ್ಟು, ಬದಿ ಕುಸಿಯದಂತೆ ಬೆಂಟೊನೈಟ್ ಎಂಬ ಜೇಡಿಮಣ್ಣು ಕಲಸಿದ ನೀರನ್ನು ಗುಂಡಿ ತುಂಬ ನಿಲ್ಲಿಸಿ, ಮರುದಿನ ಆ ಮೀಟರ್ ಕೊರೆದು ತಳ ಶುಚಿ ಮಾಡಿ ಕಾಂಕ್ರೀಟ್.

ಅದುರುವ ಕೆಲಸದ ಸಮಯ ನಿರ್ಧಾರವಾದದ್ದು ಎದುರಿನ ಫ್ಲ್ಯಾಟಿನ ನರ್ಸ್ ಒಬ್ಬರಿಂದ. ಅವರದು ರಾತ್ರಿ ಪಾಳಿ. ಬೆಳಿಗ್ಗೆ ಒಂಬತ್ತಕ್ಕೆ ಮಲಗುತ್ತಾರೆ, ಎರಡೂವರೆಗೆ ಏಳುತ್ತಾರೆ. “ನಿಮ್ಮ ಕೆಲಸದ ಟೈಮೇ ನನ್ನ ನಿದ್ರೆಯ ಟೈಮು ಮಾರಾಯ್ರೆ, ನಾನು ಎಂತ ಮಾಡ್ಲಿ?” ಎಂದು ಕೇಳಿದರು. ಕಾನೂನಿನ ಹಗಲು ಎಲ್ಲರಿಗೂ ಹಗಲಲ್ಲ, ಅದರಲ್ಲೂ ಇಷ್ಟು ಆಸ್ಪತ್ರೆಗಳಿರುವ ಊರಿನಲ್ಲಿ. ಮೊದಲು ಕೇಸಿಂಗ್ ಇಳಿಸುತ್ತಿದ್ದದ್ದು ಬೆಳಿಗ್ಗೆ, ಅದೇ ದಿನದ ಪೈಲಿಗೆ. ನಾಳೆಯ ಪೈಲಿನ ಕೇಸಿಂಗನ್ನು ಇವತ್ತು ಮೂರು ಗಂಟೆಯ ಮೇಲೆ ಇಳಿಸಿ, ಬಾಯಿ ಮುಚ್ಚಿ ಇಡಬಹುದಲ್ಲ? ಅದಕ್ಕೆ ಕೇಸಿಂಗ್ ಒಂದು ಜಾಸ್ತಿ ಬೇಕು. ಬಿಲ್ಡರ್ ಸ್ವಲ್ಪ ಗೊಣಗಿದರು, ತರಿಸಿದರು. ಕೊರೆಯುವ ಸದ್ದು ಆ ನರ್ಸ್‌ಗೆ ತಪ್ಪಲಿಲ್ಲ. ಮಂಚ ಅದುರುವುದು ತಪ್ಪಿತು.

ಫೋನ್ ನಂಬರಿನ ವಿಷಯದಲ್ಲಿ ಬಿಲ್ಡರಿಗೂ ನನಗೂ ಸ್ವಲ್ಪ ಚರ್ಚೆಯಾಯಿತು. ಕಚೇರಿಯ ನಂಬರ್ ಬೇಡ, ಸೈಟಿನಲ್ಲಿ ನಿಂತಿರುವ, ಮೆಷಿನ್ ನಿಲ್ಲಿಸಲು ಅಧಿಕಾರ ಇರುವ ಇಂಜಿನಿಯರಿನ ನಂಬರೇ ಬೇಕು ಎಂದೆ. ಅದಕ್ಕೆ ಒಪ್ಪಿದರು. ನಮ್ಮಿಂದ ಸರಿಯಾಗದಿದ್ದರೆ ಎಲ್ಲಿಗೆ ಹೇಳಬೇಕು ಎಂಬುದನ್ನೂ ಬರೆಯೋಣ ಎಂದಾಗ ಮುಖ ಕೆಂಪಾಯಿತು. “ಎಂತ ಇಂಜಿನಿಯರ್ರೇ, ನಮ್ಮ ಮೇಲೆ ಕಂಪ್ಲೇಂಟ್ ಕೊಡ್ಲಿಕ್ಕೆ ನಾವೇ ದಾರಿ ತೋರಿಸುವುದಾ?”

“ದಾರಿ ಅವರಿಗೆ ಗೊತ್ತುಂಟು ಸರ್. ನಾಲ್ಕನೇ ದಿನ ಪೊಲೀಸರು ಬಂದದ್ದು ಹೇಗೆ?”

ಕೊನೆಗೆ ಹೋದ ಪತ್ರ ಇದು. ಹೆಸರು, ನಂಬರುಗಳನ್ನು ತೆಗೆದಿದ್ದೇನೆ.

“ನೆರೆಮನೆಯವರಿಗೆ ನಮಸ್ಕಾರ.

ಕಳೆದ ವಾರ ನಮ್ಮ ಪೈಲಿಂಗ್ ಕೆಲಸದಿಂದ ನಿಮಗೆ ತೊಂದರೆಯಾಗಿದೆ. ಸಂಜೆ 6ಕ್ಕೆ ನಿಲ್ಲಿಸುತ್ತೇವೆ ಎಂದು ಬರೆದು ರಾತ್ರಿ 9ರವರೆಗೆ ಕೆಲಸ ಮಾಡಿದೆವು. ನಿಮ್ಮ ಮನೆ ಅದುರಿದಾಗ ಫೋನಿನಲ್ಲಿ ಉತ್ತರ ಕೊಡುವವರಿರಲಿಲ್ಲ. ಎರಡಕ್ಕೂ ಕ್ಷಮೆ ಕೇಳುತ್ತೇವೆ.

ಒಟ್ಟು 54 ಪೈಲುಗಳು. ದಿನಕ್ಕೆ ಸುಮಾರು ಒಂದರಂತೆ ಮಾರ್ಚ್ ಮಧ್ಯದವರೆಗೆ ಕೆಲಸ ಇದೆ.

ಕೊರೆಯುವ ಕೆಲಸ ಸೋಮವಾರದಿಂದ ಶನಿವಾರ, ಬೆಳಿಗ್ಗೆ 8.30ರಿಂದ ಸಂಜೆ 6. ಮಧ್ಯಾಹ್ನ 1ರಿಂದ 2 ಮೆಷಿನ್ ನಿಂತಿರುತ್ತದೆ. ಭಾನುವಾರ ಕೆಲಸವಿಲ್ಲ.

ನೆಲ ಅದುರುವ ಕೆಲಸ ಮಧ್ಯಾಹ್ನ 3ರಿಂದ 5ರ ಒಳಗೆ ಮಾತ್ರ. ಕೊಳವೆ ಇಳಿಸುವುದು ದಿನಕ್ಕೆ ಸುಮಾರು 10 ನಿಮಿಷ. ಶುರುವಿನಲ್ಲಿ ಮತ್ತು ಕೊನೆಯಲ್ಲಿ ಜೋರಾಗಿ ಗೊತ್ತಾಗುತ್ತದೆ. ಕೆಲವು ದಿನ ಬಂಡೆ ಒಡೆಯುವ ಪೆಟ್ಟು ಕೇಳಿಸಬಹುದು.

ಕಾಂಕ್ರೀಟ್ ಹಾಕಲು ಶುರು ಮಾಡಿದ ಮೇಲೆ ನಡುವೆ ನಿಲ್ಲಿಸಲು ಆಗುವುದಿಲ್ಲ. ಮಧ್ಯಾಹ್ನ 3ರ ನಂತರ ಲಾರಿ ಕರೆಸುವುದಿಲ್ಲ. ಆದರೂ ತಡವಾದರೆ ಸಂಜೆ 6ರ ಮೊದಲೇ ನಿಮಗೆ ತಿಳಿಸುತ್ತೇವೆ.

ಅದುರು ಅಳೆಯುವ ಮೀಟರ್ ಹತ್ತಿರದ ಮನೆಯಲ್ಲಿದೆ. ಸೆಕೆಂಡಿಗೆ 3 ಮಿ.ಮೀ. ಮುಟ್ಟಿದರೆ ಆ ಕೆಲಸ ನಿಲ್ಲಿಸಿ ಬೇರೆ ಕ್ರಮ ನೋಡುತ್ತೇವೆ. ಲೆಕ್ಕ ಯಾರು ಬೇಕಾದರೂ ನೋಡಬಹುದು. ಈಗಿರುವ ಬಿರುಕುಗಳ ಫೋಟೋ ತೆಗೆಯಲು ಈ ವಾರ ಬರುತ್ತೇವೆ. ಇದನ್ನು ಮೊದಲೇ ಮಾಡಬೇಕಿತ್ತು. ಬಾವಿ ನೀರು ಕಲಕಿದರೆ ತಿಳಿಸಿ, ನೀರಿನ ವ್ಯವಸ್ಥೆ ನಮ್ಮದು.

ತೊಂದರೆಯಾದರೆ ಸೈಟ್ ಇಂಜಿನಿಯರಿಗೆ (ಹೆಸರು, ಮೊಬೈಲ್) ಫೋನ್ ಮಾಡಿ. ಕೆಲಸದ ಹೊತ್ತಿನಲ್ಲಿ ಅವರೇ ಎತ್ತುತ್ತಾರೆ, ಮೆಷಿನ್ ನಿಲ್ಲಿಸುವ ಅಧಿಕಾರ ಅವರಿಗಿದೆ. ಅವರು ಸಿಗದಿದ್ದರೆ (ಎರಡನೇ ಹೆಸರು, ಮೊಬೈಲ್). ನಮ್ಮಿಂದ ಸರಿಯಾಗದಿದ್ದರೆ ಮಹಾನಗರ ಪಾಲಿಕೆಗೆ ದೂರು ಕೊಡಬಹುದು. ರಾತ್ರಿ ಹೊತ್ತು ಮೆಷಿನ್ ಓಡಿದರೆ 112ಕ್ಕೆ ಕರೆ ಮಾಡಬಹುದು.”

ಒಂದು ಹಾಳೆಯಲ್ಲಿ ಮುಗಿಯಿತು. ಅಂಚೆ ಡಬ್ಬಿಗೆ ಹಾಕದೆ ಸೈಟ್ ಇಂಜಿನಿಯರನ್ನೇ ಮನೆ ಮನೆಗೆ ಕಳಿಸಿದೆವು. ಫೋನ್ ಎತ್ತುವವನ ಮುಖ ಗೊತ್ತಿದ್ದರೆ ಮಾತಾಡುವ ಧಾಟಿಯೇ ಬೇರೆ. ಪತ್ರ ಕನ್ನಡದ್ದು, ಮಾತು ಹೆಚ್ಚಿನ ಮನೆಗಳಲ್ಲಿ ತುಳುವಿನಲ್ಲಿ, ಎರಡು ಮನೆಗಳಲ್ಲಿ ಕೊಂಕಣಿಯಲ್ಲಿ ಆಯಿತು. ಹಾಗೆ ಹೋದಾಗಲೇ ಇನ್ನೊಂದು ಸಂಗತಿ ಸಿಕ್ಕಿತು: ಫೆಬ್ರವರಿಯಲ್ಲಿ ಓಣಿಯ ದೈವಸ್ಥಾನದ ನೇಮ. ರಾತ್ರಿಯಿಡೀ ಎಚ್ಚರ ಇದ್ದು ಬೆಳಗ್ಗೆ ಮಲಗುವವರಿಗೆ 8.30ರ ರಿಗ್ ಯಾಕೆ ಬೇಕು? ಆ ದಿನ ಕೆಲಸ ಮಧ್ಯಾಹ್ನದ ಮೇಲೆ ಎಂದು ಬರೆದುಕೊಂಡೆವು. ನಮ್ಮ ಹುಡುಗರಲ್ಲಿ ಅರ್ಧ ಜನ ಹೇಗೂ ನೇಮದಲ್ಲೇ ಇದ್ದರು.

ಸೈಟಿನಲ್ಲಿ ಒಂದು ದೂರಿನ ಪುಸ್ತಕ ಇಟ್ಟೆವು. ಯಾರು, ಎಷ್ಟು ಗಂಟೆಗೆ, ಏನು, ಆಗ ಯಾವ ಮೆಷಿನ್ ಓಡುತ್ತಿತ್ತು, ಏನು ಮಾಡಿದೆವು ಎಂದು ಐದು ಕಾಲಂ. ನಾಲ್ಕನೇ ಕಾಲಂ ಮುಖ್ಯ. ಒಂದು ಬೆಳಿಗ್ಗೆ ಹನ್ನೊಂದಕ್ಕೆ “ಮನೆ ಅದುರುತ್ತಿದೆ” ಎಂದು ಕರೆ ಬಂತು. ಆಗ ವೈಬ್ರೋ ಓಡುತ್ತಲೇ ಇರಲಿಲ್ಲ. ಹೋಗಿ ನೋಡಿದರೆ ತುಂಬಿದ ಮಣ್ಣಿನ ಟಿಪ್ಪರ್‌ಗಳು ಓಣಿಯ ಹಂಪ್ ಮೇಲೆ ಜೋರಾಗಿ ಹಾರಿ ಹೋಗುತ್ತಿದ್ದವು. ಡ್ರೈವರುಗಳಿಗೆ ನಿಧಾನ ಹೋಗಲು ಹೇಳಿದ ಮೇಲೆ ಆ ದೂರು ನಿಂತಿತು. ಸಮಯ ಬರೆದುಕೊಳ್ಳದಿದ್ದರೆ ಅದೂ ಪೈಲಿಂಗಿನ ತಲೆಗೇ ಬರುತ್ತಿತ್ತು.

ಎಲ್ಲವೂ ಸುಸೂತ್ರ ಆಯಿತು ಎಂದಲ್ಲ. ಒಂದು ಸಂಜೆ ಲಾರಿ ಕೂಳೂರಿನಲ್ಲಿ ಸಿಕ್ಕಿಬಿದ್ದು ಕಾಂಕ್ರೀಟ್ ಮುಗಿಯುವಾಗ 8.20. ಆದರೆ 5.40ಕ್ಕೇ ಓಣಿಯ ವಾಟ್ಸ್ಯಾಪ್ ಗುಂಪಿಗೆ ಸುದ್ದಿ ಹೋಗಿತ್ತು. ಬೈದವರು ಒಬ್ಬರೇ. ಒಂದು ಮನೆಯ ಕಿಟಕಿ ಮೂಲೆಯ ಬಿರುಕು ಉದ್ದವಾಗಿದೆ ಎಂದರು. ಮೊದಲು ತೆಗೆದಿಟ್ಟ ಫೋಟೋ ನೋಡಿದರೆ ಬಿರುಕು ಮೊದಲೇ ಇತ್ತು, ಆದರೆ ನಾಲ್ಕು ಬೆರಳಿನಷ್ಟು ಮುಂದೆ ಹೋದದ್ದೂ ನಿಜ. ನಮ್ಮಿಂದಲೋ ಬೇಸಿಗೆಯ ಬಿಸಿಲಿಗೋ ಎಂದು ವಾದಿಸುತ್ತಾ ಕೂರದೆ ಗಾರೆಯವನನ್ನು ಕಳಿಸಿದೆವು. ಅವರೊಂದಿಗೆ ಮನಸ್ತಾಪ ಪೂರ್ತಿ ಹೋಗಲಿಲ್ಲ. ಟೀಚರ್ ಬಾವಿಯ ನೀರು ಕೆಲವು ದಿನ ಬೆಳ್ಳಗೆ ಕಲಕಿತು. ಅದುರಿಗೆ ಬಾವಿಯ ಬದಿಯ ಶೇಡಿ ಉದುರಿತೋ, ನಮ್ಮ ಬೆಂಟೊನೈಟ್ ಜಿನುಗಿತೋ ಎಂದು ತೀರ್ಮಾನ ಆಗಲಿಲ್ಲ. ನೀರು ತಿಳಿಯಾಗುವವರೆಗೆ ಟ್ಯಾಂಕರ್ ಕೊಟ್ಟೆವು.

ಮಾರ್ಚಿನಲ್ಲಿ ರಿಗ್ ಲಾರಿ ಹತ್ತಿ ಹೋದಾಗ ಓಣಿಯವರು ಸದ್ದು ಮುಗಿಯಿತು ಎಂದುಕೊಂಡರು. ಮುಗಿದಿರಲಿಲ್ಲ. ಪ್ರತಿ ಪೈಲಿನ ತಲೆಯ ಮೇಲೆ ಮಣ್ಣು ಬೆರೆತ ದುರ್ಬಲ ಕಾಂಕ್ರೀಟ್ ಇರುತ್ತದೆ. ಅದನ್ನು ಬ್ರೇಕರಿನಿಂದ ಒಡೆದು ತೆಗೆಯದೆ ಮೇಲೆ ಕಟ್ಟುವಂತಿಲ್ಲ. ಆ ಸದ್ದು ರಿಗ್‌ಗಿಂತ ಚೂಪು, ಅದೂ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿಗೇ ಬರುವುದಿತ್ತು. ಹಾಗಾಗಿ ರಿಗ್ ಹೋಗುವ ಮೊದಲೇ ಇನ್ನೊಂದು ಅರ್ಧ ಹಾಳೆಯ ಪತ್ರ ಹೋಯಿತು: ಪೈಲ್ ತಲೆ ಒಡೆಯುವ ಕೆಲಸ ಸುಮಾರು ಎರಡು ವಾರ, ಮಕ್ಕಳು ಪರೀಕ್ಷೆಗೆ ಹೋಗಿರುವ ಬೆಳಗಿನ ಹೊತ್ತಿನಲ್ಲಿ ಬ್ರೇಕರ್, ಅವರು ಮನೆಗೆ ಬಂದು ಓದುವ ಮಧ್ಯಾಹ್ನದ ಮೇಲೆ ಕೈಯಲ್ಲಿ ಉಳಿ-ಸುತ್ತಿಗೆ. ಬೆಳಗಿನ ಹೊತ್ತು ನಿದ್ರೆ ಮಾಡುವ ಆ ನರ್ಸ್ ಮೊದಲೇ ಗೊತ್ತಾದದ್ದರಿಂದ ಆ ಎರಡು ವಾರಕ್ಕೆ ಹಗಲು ಪಾಳಿಗೆ ಬದಲಿಸಿಕೊಂಡರು. ಫೋನ್ ನಂಬರ್ ಅದೇ ಇತ್ತು.